ಯಾರಿಗೆ, ಎಷ್ಟು, ಯಾವ ಷರತ್ತಿಗೆ: ಶೀರ್ಷಿಕೆ ಬರೆಯುವವರಿಗೆ ಧಾರಾವಿಯಿಂದ ಒಂದು ಪತ್ರ

ಕನ್ನಡದ ಸುದ್ದಿಮನೆಗಳಲ್ಲಿ ಡೆಸ್ಕಿನಲ್ಲಿ ಕೂತು ಶೀರ್ಷಿಕೆ ಕೊಡುವ ಕಿರಿಯ ಗೆಳೆಯ ಗೆಳತಿಯರಿಗೆ,



ನಾನು ಮುಂಬೈಯ ಕನ್ನಡ ಪತ್ರಿಕೆಯೊಂದರಲ್ಲಿ ಬಹುಕಾಲ ಉಪಸಂಪಾದಕನಾಗಿ ದುಡಿದು ನಿವೃತ್ತನಾದವನು. ಮನೆ ಧಾರಾವಿಯಲ್ಲಿ, ಮಾಟುಂಗಾ ಲೇಬರ್ ಕ್ಯಾಂಪಿನ ಕಡೆ. ಹಿಂದೆ ಶೀರ್ಷಿಕೆ ಬರೆಯುವುದು ನನ್ನ ಕೆಲಸವಾಗಿತ್ತು. ಈಗ ಶೀರ್ಷಿಕೆ ಓದಿದವರ ಮುಖ ನೋಡುವುದು ನನ್ನ ಪಾಲಿಗೆ ಬಂದಿದೆ. ನೀವು ಬರೆದದ್ದನ್ನು ನಮ್ಮ ಗಲ್ಲಿಯಲ್ಲಿ ಜನ ಹೇಗೆ ಓದುತ್ತಾರೆ, ಓದಿ ಏನು ಮಾಡುತ್ತಾರೆ ಎಂಬುದು ನಿಮಗೆ ಅಲ್ಲಿಂದ ಕಾಣುವುದಿಲ್ಲ. ಅದನ್ನು ತಿಳಿಸಿ, ಕೆಲವು ಮಾತು ಕೇಳಿಕೊಳ್ಳಬೇಕೆಂದು ಈ ಪತ್ರ.

ಶೀರ್ಷಿಕೆ ಆಕರ್ಷಕವಾಗಿರಬಾರದು ಎಂದು ನಾನು ಹೇಳುತ್ತಿಲ್ಲ. ಓದುಗನ ಕಣ್ಣು ನಿಲ್ಲಿಸದ ಶೀರ್ಷಿಕೆಯಿಂದ ಯಾರಿಗೂ ಉಪಯೋಗವಿಲ್ಲ. ಕಣ್ಣು ನಿಲ್ಲಿಸಲು ನಿಖರವಾದ ಭರವಸೆಯಷ್ಟು ಬಲವಾದದ್ದು ಬೇರೊಂದಿಲ್ಲ, ಅದಕ್ಕೆ ಚಮತ್ಕಾರ ಬೇಕಿಲ್ಲ ಎಂಬುದಷ್ಟೇ ನನ್ನ ವಾದ. ಧಾರಾವಿಯ ಮನೆಗಳ ಸುದ್ದಿಯನ್ನೇ ತೆಗೆದುಕೊಂಡು ಇದನ್ನು ವಿವರಿಸುತ್ತೇನೆ. ಏಕೆಂದರೆ ಇಲ್ಲಿ ಶೀರ್ಷಿಕೆಯ ಒಂದೊಂದು ಪದವನ್ನೂ ಜನ ತಮ್ಮ ಮನೆಯ ಗೋಡೆಗೆ ಹಿಡಿದು ಅಳೆಯುತ್ತಾರೆ.

ಮೊದಲು ವಿಷಯ ಸ್ವಲ್ಪ ಹೇಳಬೇಕು. ಧಾರಾವಿ ಪುನರಭಿವೃದ್ಧಿಯ ಈಗಿನ ಯೋಜನೆಯಲ್ಲಿ ಎಲ್ಲರಿಗೂ ಒಂದೇ ನಿಯಮವಿಲ್ಲ. 2000ನೇ ಇಸವಿಯ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿರುವ, ದಾಖಲೆ ಸರಿಯಿರುವ ಕುಟುಂಬಕ್ಕೆ ಧಾರಾವಿಯಲ್ಲೇ 350 ಚದರ ಅಡಿಯ ಮನೆ, ಉಚಿತವಾಗಿ. ಆ ದಿನಾಂಕದ ನಂತರ, 2011ರ ಜನವರಿ 1ರೊಳಗೆ ಬಂದವರಿಗೆ ಧಾರಾವಿಯ ಹೊರಗೆ 300 ಚದರ ಅಡಿ, ಎರಡೂವರೆ ಲಕ್ಷ ರೂಪಾಯಿಗೆ. ಅದಕ್ಕೂ ಈಚೆಗೆ, 2022ರ ನವೆಂಬರ್ 15ರವರೆಗೆ ಬಂದವರಿಗೆ ಮತ್ತು ಮೇಲಿನ ಮಾಳಿಗೆಗಳಲ್ಲಿರುವವರಿಗೆ ಧಾರಾವಿಯ ಹೊರಗೆ ಬಾಡಿಗೆ ಮನೆ, ಮುಂದೆ ಹಣ ಕಟ್ಟಿ ಅದನ್ನು ಸ್ವಂತ ಮಾಡಿಕೊಳ್ಳುವ ಅವಕಾಶದೊಂದಿಗೆ. ಹೀಗೆ ಒಂದೇ ಗಲ್ಲಿಯ ಎದುರುಬದುರು ಬಾಗಿಲುಗಳಿಗೆ, ಒಂದೇ ಗೋಡೆಯ ಕೆಳಗಿನ ಮನೆಗೂ ಮೇಲಿನ ಮನೆಗೂ ಉತ್ತರ ಬೇರೆ ಬೇರೆ.

ಈ ಸುದ್ದಿಗೆ ಬಂದ ಶೀರ್ಷಿಕೆಗಳ ಮಾದರಿ ಹೀಗಿರುತ್ತದೆ: ‘ಧಾರಾವಿ ನಿವಾಸಿಗಳಿಗೆ ಬಂಪರ್: 350 ಚದರ ಅಡಿ ಮನೆ ಉಚಿತ!’ ಇನ್ನೊಂದು ಮಾದರಿ: ‘ಧಾರಾವಿ ಜನರಿಗೆ ಸಿಹಿಸುದ್ದಿ: ಯಾರಿಗೆಲ್ಲ ಸಿಗಲಿದೆ ಮನೆ? ಇಲ್ಲಿದೆ ಸಂಪೂರ್ಣ ಮಾಹಿತಿ’. ಇವು ಯಾವುದೋ ಒಂದು ಪತ್ರಿಕೆಯ ಸ್ವತ್ತಲ್ಲ. ಮರಾಠಿ, ಹಿಂದಿ, ತಮಿಳು, ಕನ್ನಡ, ಎಲ್ಲ ಭಾಷೆಗಳಲ್ಲೂ ಇದೇ ಅಚ್ಚು. ಮೊದಲನೆಯದು ವಿಷಯವನ್ನು ಉಬ್ಬಿಸುತ್ತದೆ, ಎರಡನೆಯದು ಬಚ್ಚಿಡುತ್ತದೆ. 2016–17ರಲ್ಲಿ ಫೇಸ್‌ಬುಕ್ ಕಂಪನಿ ಕ್ಲಿಕ್‌ಬೇಟ್ ಶೀರ್ಷಿಕೆಗಳನ್ನು ಕೆಳಗೆ ತಳ್ಳಲು ಹೊರಟಾಗ ಗುರುತಿಸಿದ್ದೂ ಇವೇ ಎರಡು ಲಕ್ಷಣಗಳನ್ನು: ಬೇಕಾದ ಮಾಹಿತಿಯನ್ನು ಮುಚ್ಚಿಡುವುದು, ಇರುವುದನ್ನು ಹಿಗ್ಗಿಸುವುದು. ನಿಮ್ಮ ಶೀರ್ಷಿಕೆ ತಪ್ಪಿದ್ದರೆ ಯಾವ ಕಡೆಗೆ ತಪ್ಪಿದೆ ಎಂದು ತಿಳಿಯಲು ಈ ವಿಂಗಡಣೆ ಸಾಕು.

ನಮ್ಮ ಗಲ್ಲಿಯಲ್ಲಿ ಕಲಬುರಗಿ ಕಡೆಯ ಒಬ್ಬ ತಾಯಿ ಇದ್ದಾರೆ. ಅವರದು ಮೇಲಿನ ಮನೆ. ಕಬ್ಬಿಣದ ಏಣಿ ಹತ್ತಿ, ತಲೆ ಬಗ್ಗಿಸಿ ಒಳಗೆ ಹೋಗಬೇಕು. ಮೊಬೈಲಿಗೆ ಯಾರೋ ಕಳಿಸಿದ ‘ಬಂಪರ್’ ಶೀರ್ಷಿಕೆ ಹಿಡಿದುಕೊಂಡು, ಲೈಟ್ ಬಿಲ್ಲು, ರೇಷನ್ ಕಾರ್ಡು, ಮತದಾರರ ಗುರುತಿನ ಚೀಟಿಯೆಲ್ಲ ತುಂಬಿದ ಪ್ಲಾಸ್ಟಿಕ್ ಚೀಲದೊಡನೆ ನನ್ನ ಬಾಗಿಲಿಗೆ ಬಂದರು. “ಅಣ್ಣಾರಿ, ಇಲ್ಲೇ ಮನಿ ಸಿಗ್ತದಂತಲ್ರಿ, ಪುಕ್ಕಟೆ?” ಎಂದರು. ನಾನು ವರದಿಯನ್ನು ಪೂರ್ತಿ ಓದಿ ಹೇಳಿದೆ. ಮಾಳಿಗೆಯವರಿಗೆ ನಿಯಮ ಬೇರೆ ಎಂಬ ಮಾತು ವರದಿಯಲ್ಲಿ ಇತ್ತು, ಕೊನೆಯ ಪ್ಯಾರಾದಲ್ಲಿ. ಅವರು ನಂಬಲಿಲ್ಲ. ಫೋನನ್ನು ಮತ್ತೆ ನನ್ನ ಮುಂದೆ ಹಿಡಿದು, “ಮ್ಯಾಲ ದೊಡ್ಡ ಅಕ್ಷರದಾಗ ಬರ್ದಾರಲ್ರಿ” ಎಂದರು.

ಗೆಳೆಯರೇ, ಆ ತಾಯಿ ಓದಲು ಬಾರದವರಲ್ಲ. ದೊಡ್ಡ ಅಕ್ಷರಕ್ಕೆ ಹೆಚ್ಚು ತೂಕ ಕೊಡುವುದನ್ನು ಪತ್ರಿಕೆಗಳೇ ಓದುಗರಿಗೆ ಕಲಿಸಿವೆ. ಅವರು ಹಾಗೆಯೇ ಓದಿದರು. ದಾರಿ ತಪ್ಪಿಸುವ ಶೀರ್ಷಿಕೆಯ ಪರಿಣಾಮವನ್ನು ಆಸ್ಟ್ರೇಲಿಯಾದ ಮನೋವಿಜ್ಞಾನಿ ಉಲ್ರಿಚ್ ಎಕರ್ ಮತ್ತು ಸಂಗಡಿಗರು ಪ್ರಯೋಗ ಮಾಡಿ ನೋಡಿ, 2014ರಲ್ಲಿ ಪ್ರಕಟಿಸಿದ್ದಾರೆ. ವರದಿಯನ್ನು ಪೂರ್ತಿ ಓದಿದವರಲ್ಲೂ ಶೀರ್ಷಿಕೆ ತಿರುಗಿಸಿದ ದಿಕ್ಕು ಉಳಿದುಕೊಳ್ಳುತ್ತದೆ, ಆಮೇಲೆ ಅವರು ಮಾಡುವ ತೀರ್ಮಾನಗಳೂ ಅದೇ ಕಡೆಗೆ ವಾಲುತ್ತವೆ ಎಂಬುದು ಅದರ ಸಾರ. ‘ಒಳಗೆ ಸರಿಯಾಗಿ ಬರೆದಿದ್ದೇವಲ್ಲ’ ಎಂದು ಡೆಸ್ಕಿನಲ್ಲಿ ನಾವು ಹೇಳುವ ಸಮಾಧಾನ ಇದರ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಇದೇ ಸುದ್ದಿಗೆ ಶೀರ್ಷಿಕೆ ಹೇಗೆ ಬರೆಯಬೇಕಿತ್ತು? ಒಂದೊಂದೇ ಹೆಜ್ಜೆ ನೋಡೋಣ.

ಮೊದಲು ಶೀರ್ಷಿಕೆಯ ಯೋಚನೆಯನ್ನೇ ಬಿಟ್ಟು, ಸುದ್ದಿಯನ್ನು ಒಂದು ಸಾದಾ ವಾಕ್ಯದಲ್ಲಿ ಬರೆದುಕೊಳ್ಳಿ. ಉದ್ದವಾದರೂ ಚಿಂತೆಯಿಲ್ಲ. ‘2000ನೇ ಇಸವಿಗೆ ಮೊದಲಿನಿಂದ ನೆಲಮಹಡಿಯಲ್ಲಿರುವ ಅರ್ಹ ಕುಟುಂಬಗಳಿಗೆ ಧಾರಾವಿಯಲ್ಲೇ 350 ಚದರ ಅಡಿ ಮನೆ ಉಚಿತವಾಗಿ ಕೊಡುವುದಾಗಿ ಯೋಜನೆ ಹೇಳುತ್ತದೆ, ಉಳಿದವರಿಗೆ ಧಾರಾವಿಯ ಹೊರಗೆ.’ ವಾಕ್ಯ ಹೀಗೆ ಎದುರಿಗೆ ಇದ್ದರೆ ಅದರಲ್ಲಿ ಎಷ್ಟು ಭಾಗವನ್ನು ಕೈಬಿಡುತ್ತಿದ್ದೇವೆ ಎಂಬುದು ನಮಗೇ ಕಾಣುತ್ತದೆ. ನೇರವಾಗಿ ಶೀರ್ಷಿಕೆಗೇ ಕೈಹಾಕಿದರೆ ಅದು ಕಾಣುವುದಿಲ್ಲ.

ಎರಡನೆಯದಾಗಿ, ಆ ವಾಕ್ಯದಿಂದ ಒಂದೊಂದು ಪದ ತೆಗೆಯುತ್ತಾ ಹೋಗಿ, ಪ್ರತಿ ಸಲವೂ ಕೇಳಿಕೊಳ್ಳಿ: ಈ ಪದ ಹೋದರೆ ಸುದ್ದಿ ಇನ್ನಷ್ಟು ಜನಕ್ಕೆ ಅನ್ವಯಿಸುವಂತೆ ಕಾಣುತ್ತದೆಯೇ? ‘ಯೋಜನೆ ಹೇಳುತ್ತದೆ’ ಎಂಬುದನ್ನು ಚಿಕ್ಕದು ಮಾಡಬಹುದು. ‘ಕುಟುಂಬಗಳಿಗೆ’ ಎಂಬುದನ್ನು ತೆಗೆಯಬಹುದು. ಆದರೆ ‘2000ಕ್ಕೆ ಮೊದಲಿನ’ ಎಂಬುದನ್ನು ತೆಗೆದರೆ 2005ರಲ್ಲಿ ಬಂದವನೂ ಒಳಗೆ ಸೇರುತ್ತಾನೆ. ‘ನೆಲಮಹಡಿ’ ತೆಗೆದರೆ ಏಣಿ ಹತ್ತಿ ಮನೆಗೆ ಹೋಗುವ ಆ ತಾಯಿ ಒಳಗೆ ಸೇರುತ್ತಾರೆ. ಸೇರಬಾರದವರನ್ನು ಸೇರಿಸುವ ಪದಲೋಪ ಯಾವುದೋ, ಅದನ್ನು ಮಾಡಲೇಬಾರದು. ಉಳಿದದ್ದೆಲ್ಲ ಜಾಗಕ್ಕೆ ತಕ್ಕಂತೆ ಕತ್ತರಿಸಬಹುದು. ಶೀರ್ಷಿಕೆಯಲ್ಲಿ ಏನು ಇರಬೇಕು ಎಂಬ ಚರ್ಚೆಗೆ ನಾನು ಕಂಡುಕೊಂಡ ಅತ್ಯಂತ ಖಚಿತವಾದ ಅಳತೆ ಇದು.

ಮೂರನೆಯದಾಗಿ, ಉಳಿದ ಪದಗಳನ್ನು ಕನ್ನಡದ ಜಾಯಮಾನಕ್ಕೆ ಹೊಂದಿಸಿ. ನಮ್ಮ ವಾಕ್ಯದಲ್ಲಿ ವಿಶೇಷಣ ಮೊದಲು ಬರುತ್ತದೆ, ಕ್ರಿಯೆ ಕೊನೆಗೆ. ಶೀರ್ಷಿಕೆಗೆ ಇದು ವರವೇ ಸರಿ, ಷರತ್ತನ್ನು ಯಾವ ಕಸರತ್ತೂ ಇಲ್ಲದೆ ಮುಂದಕ್ಕೆ ತರಬಹುದು: ‘2000ಕ್ಕೆ ಮೊದಲಿನ ನೆಲಮಹಡಿಯವರಿಗೆ ಧಾರಾವಿಯಲ್ಲೇ 350 ಚ. ಅಡಿ ಮನೆ’. ಅದರ ಕೆಳಗೆ ಉಪಶೀರ್ಷಿಕೆ: ‘ಮಾಳಿಗೆಯವರಿಗೆ, ಆಮೇಲೆ ಬಂದವರಿಗೆ ಹೊರಗೆ’. ‘ಬಂಪರ್’ ಹೋಯಿತು, ಆಶ್ಚರ್ಯಚಿಹ್ನೆ ಹೋಯಿತು. ಆದರೂ ಇದನ್ನು ಓದದೆ ಮುಂದೆ ಹೋಗುವ ಧಾರಾವಿಯ ಮನುಷ್ಯ ಒಬ್ಬನೂ ಇರಲಾರ. ಏಕೆಂದರೆ ಪ್ರತಿಯೊಬ್ಬನೂ ತಾನು ಗೆರೆಯ ಯಾವ ಕಡೆ ಇದ್ದೇನೆ ಎಂಬುದನ್ನು ಶೀರ್ಷಿಕೆಯಲ್ಲೇ ತಿಳಿಯುತ್ತಾನೆ, ತಿಳಿದ ಮೇಲೆ ಉಳಿದದ್ದನ್ನು ಓದಲೇಬೇಕಾಗುತ್ತದೆ.

‘ಎಲ್ಲವನ್ನೂ ಹೇಳಿಬಿಟ್ಟರೆ ಒಳಗೆ ಯಾರು ಓದುತ್ತಾರೆ?’ ಎಂದು ನಿಮ್ಮ ಹಿರಿಯರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಕುತೂಹಲದ ಬಗ್ಗೆ ಜಾರ್ಜ್ ಲೋವೆನ್‌ಸ್ಟೈನ್ ಎಂಬ ವಿದ್ವಾಂಸರು 1994ರಲ್ಲಿ ಮಂಡಿಸಿದ ವಿಚಾರ ಈಗಲೂ ಎಲ್ಲರೂ ಎತ್ತುವಂಥದು. ತನಗೆ ತಿಳಿದಿರುವುದಕ್ಕೂ ತಿಳಿಯಬೇಕಾದುದಕ್ಕೂ ನಡುವಿನ ಅಂತರ ಅರಿವಿಗೆ ಬಂದಾಗ ಮನುಷ್ಯನಿಗೆ ಕುತೂಹಲ ಹುಟ್ಟುತ್ತದೆ ಎಂದು ಅವರು ಹೇಳಿದರು. ಕ್ಲಿಕ್‌ಬೇಟ್ ಬರೆಯುವವರು ಇದರಿಂದ ‘ಅಂತರ ಸೃಷ್ಟಿಸಿ’ ಎಂಬ ಪಾಠವನ್ನಷ್ಟೇ ಕಲಿತರು. ಆದರೆ ಅಂತರ ಕಾಣಬೇಕಾದರೆ ಈಚೆ ದಡ ಗಟ್ಟಿಯಾಗಿರಬೇಕು, ಅಂದರೆ ಓದುಗನ ಕೈಗೆ ಮೊದಲು ಏನಾದರೂ ಸಿಕ್ಕಿರಬೇಕು. ಏನನ್ನೂ ಕೊಡದೆ ‘ಇಲ್ಲಿದೆ ಮಾಹಿತಿ’ ಎಂದರೆ ಓದುಗ ಒಂದು ಸಲ ಒತ್ತುತ್ತಾನೆ, ಎರಡನೇ ಸಲ ಅನುಮಾನಿಸುತ್ತಾನೆ, ಮೂರನೇ ಸಲ ಆ ಹೆಸರು ಕಂಡರೇ ಮುಂದೆ ಸರಿಸುತ್ತಾನೆ.

ಹಾಗಾಗಿ ಏನನ್ನು ಉಳಿಸಿಕೊಳ್ಳಬಹುದು, ಏನನ್ನು ಉಳಿಸಿಕೊಳ್ಳಬಾರದು ಎಂಬುದಕ್ಕೆ ಒಂದು ಗೆರೆ ಬೇಕು. ನಾನು ಪಾಲಿಸಿಕೊಂಡು ಬಂದದ್ದು ಇದು: ಯಾರಿಗೆ, ಏನು, ಎಷ್ಟು, ಯಾವ ಷರತ್ತಿಗೆ ಎಂಬುದನ್ನು ಶೀರ್ಷಿಕೆ ಬಚ್ಚಿಡಬಾರದು. ಹೇಗೆ ಮತ್ತು ಏಕೆ ಎಂಬುದನ್ನು ವರದಿಗೆ ಬಿಡಬಹುದು. ಮೊದಲಿನವು ಓದುಗನ ಹಕ್ಕಿಗೆ ಸಂಬಂಧಿಸಿದವು, ಗೊತ್ತಿಲ್ಲದಿದ್ದರೆ ಅವನಿಗೆ ನಷ್ಟ. ‘ಹೇಗೆ’ ಮತ್ತು ‘ಏಕೆ’ ಎಂಬವು ವಿವರಣೆ. ಅವುಗಳಿಗೆ ಸಮಯ ಕೊಡಬೇಕೋ ಬೇಡವೋ ಎಂದು ಓದುಗನೇ ತೀರ್ಮಾನಿಸಲಿ.

‘ಹೇಗೆ’ ಎಂಬ ಶೀರ್ಷಿಕೆಯೂ ಒಂದು ಭರವಸೆಯೇ. 2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೊರೊನಾ ಪ್ರಕರಣ ಸಿಕ್ಕಿತು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥ ಟೆಡ್ರೋಸ್ ಅವರು ಸೋಂಕು ಹಬ್ಬಿದ ಮೇಲೂ ಹತೋಟಿಗೆ ತರಬಹುದು ಎನ್ನುವುದಕ್ಕೆ ಇಟಲಿ, ಸ್ಪೇನ್, ದಕ್ಷಿಣ ಕೊರಿಯಾಗಳ ಜೊತೆಗೆ ನಮ್ಮ ಧಾರಾವಿಯ ಹೆಸರನ್ನೂ ಹೇಳಿದರು. ಆಗ ‘ಧಾರಾವಿ ಕೊರೊನಾ ಗೆದ್ದಿದ್ದು ಹೇಗೆ?’ ಎಂಬ ಶೀರ್ಷಿಕೆಗಳು ಎಲ್ಲೆಲ್ಲೂ ಬಂದವು. ಕೆಲವುಗಳ ಕೆಳಗೆ ಟೆಡ್ರೋಸ್ ಅವರ ಹೇಳಿಕೆ ಮತ್ತು ಗಣ್ಯರ ಅಭಿನಂದನೆ ಮಾತ್ರ ಇತ್ತು. ‘ಹೇಗೆ’ ಎಂಬುದಕ್ಕೆ ಉತ್ತರವೇ ಇರಲಿಲ್ಲ. ವಾಸ್ತವದಲ್ಲಿ ಉತ್ತರ ಇರಲಿಲ್ಲವೆಂದಲ್ಲ: ಮನೆ ಮನೆಗೆ ಹೋಗಿ ತಪಾಸಣೆ, ಗಲ್ಲಿಗಳಲ್ಲಿ ಜ್ವರದ ಕ್ಲಿನಿಕ್ಕುಗಳು, ಹತ್ತು ಜನ ಮಲಗುವ ಕೋಣೆಯಲ್ಲಿ ಪ್ರತ್ಯೇಕವಾಗಿರಲು ಸಾಧ್ಯವಿಲ್ಲವೆಂದು ಶಾಲೆಗಳಲ್ಲಿ, ಸಭಾಭವನಗಳಲ್ಲಿ ಕ್ವಾರಂಟೈನ್, ಸಾರ್ವಜನಿಕ ಶೌಚಾಲಯಗಳಿಗೆ ದಿನಕ್ಕೆ ಹಲವು ಸಲ ಔಷಧ ಸಿಂಪಡಣೆ. ಇದನ್ನೆಲ್ಲ ಬರೆದ ವರದಿ ಇದ್ದರೆ ಶೀರ್ಷಿಕೆ ಹೀಗಾಗಬಹುದು: ‘ಮನೆ ಮನೆ ತಪಾಸಣೆ, ಶಾಲೆಗಳಲ್ಲಿ ಕ್ವಾರಂಟೈನ್: ಧಾರಾವಿ ಸೋಂಕು ಇಳಿಸಿದ ಬಗೆ’. ಇಂಥ ವರದಿ ಇಲ್ಲದಿದ್ದರೆ ‘ಹೇಗೆ’ ಎಂಬ ಪದವನ್ನು ಶೀರ್ಷಿಕೆಯಲ್ಲಿ ಹಾಕಬಾರದು. ಆಗ ‘ಧಾರಾವಿಯ ಹೆಸರು ಹೇಳಿದ ವಿಶ್ವ ಆರೋಗ್ಯ ಸಂಸ್ಥೆ’ ಎನ್ನುವುದೇ ಪ್ರಾಮಾಣಿಕ.

ಅದೇ ವರ್ಷದ ಡಿಸೆಂಬರ್ 25ರಂದು, ಶುಕ್ರವಾರ, ಧಾರಾವಿಯಲ್ಲಿ ಒಂದೂ ಹೊಸ ಪ್ರಕರಣ ದಾಖಲಾಗಲಿಲ್ಲ. ಏಪ್ರಿಲ್‌ನಿಂದ ಅಂಥ ದಿನ ಅದೇ ಮೊದಲು. ಅಂದು ‘ಧಾರಾವಿ ಕೊರೊನಾ ಮುಕ್ತ’ ಎಂದು ಬರೆಯುವ ಆಸೆ ಯಾರಿಗಾದರೂ ಆಗುವಂಥದೇ. ಆದರೆ ಹೊಸ ರೋಗಿ ಇಲ್ಲ ಎಂದರೆ ರೋಗಿಗಳೇ ಇಲ್ಲ ಎಂದಲ್ಲ. ಅಂದೂ ಕೆಲವರು ಚಿಕಿತ್ಸೆಯಲ್ಲಿದ್ದರು. ‘ಧಾರಾವಿಯಲ್ಲಿ ಒಂದೂ ಹೊಸ ಪ್ರಕರಣವಿಲ್ಲ, ಏಪ್ರಿಲ್ 1ರ ನಂತರ ಇದೇ ಮೊದಲು’ ಎಂದು ಬರೆದರೆ ಸಂತೋಷವೂ ಉಳಿಯಿತು, ಸತ್ಯವೂ ಉಳಿಯಿತು. 2021ರ ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂದು ಇಲ್ಲಿ ಪ್ರಕರಣಗಳು ಮತ್ತೆ ಏರಿದಾಗ ‘ಮುಕ್ತ’ ಎಂದು ಬರೆದ ಶೀರ್ಷಿಕೆ ಸುಳ್ಳಾಯಿತು. ‘ಒಂದೂ ಹೊಸ ಪ್ರಕರಣವಿಲ್ಲ’ ಎಂದದ್ದು ಇಂದಿಗೂ ನಿಜವೇ. ದಿನಾಂಕ ಮತ್ತು ಅಳತೆ ಹೇಳಿದ ಶೀರ್ಷಿಕೆಗೆ ಹೀಗೆ ಕಾಲದ ಪರೀಕ್ಷೆಯಲ್ಲೂ ನಿಲ್ಲುವ ಶಕ್ತಿಯಿದೆ.

ಇನ್ನು ಧಾರಾವಿಯ ಮನೆಗಳ ಸುದ್ದಿಯಲ್ಲಿ ಹೆಚ್ಚು ಹಾನಿ ಮಾಡಿದ್ದು ಸುದ್ದಿ ಯಾವ ಹಂತದಲ್ಲಿದೆ ಎಂಬುದನ್ನು ಮರೆಮಾಡಿದ ಶೀರ್ಷಿಕೆಗಳು. 2004ರಲ್ಲಿ ಮಹಾರಾಷ್ಟ್ರ ಸರಕಾರ ಪುನರಭಿವೃದ್ಧಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಟೆಂಡರುಗಳು ಬಂದವು, ಹೋದವು. 2019ರಲ್ಲಿ 7,200 ಕೋಟಿ ರೂಪಾಯಿಯ ಬಿಡ್ ಬಂದಿತ್ತು, 2020ರಲ್ಲಿ ಆ ಟೆಂಡರನ್ನೇ ರದ್ದು ಮಾಡಲಾಯಿತು. 2022ರ ನವೆಂಬರಿನಲ್ಲಿ ಅದಾನಿ ಸಮೂಹದ 5,069 ಕೋಟಿ ರೂಪಾಯಿಯ ಬಿಡ್ ಮೇಲುಗೈ ಪಡೆಯಿತು. 2023ರ ಜುಲೈಯಲ್ಲಿ ಸರಕಾರದ ಆದೇಶ ಹೊರಬಿತ್ತು. 2024ರ ಮಾರ್ಚ್‌ನಲ್ಲಿ ಕಮಲಾ ರಾಮನ್ ನಗರದಿಂದ ಮನೆ ಮನೆ ಸಮೀಕ್ಷೆ ಶುರುವಾಯಿತು. 2025ರ ಮೇ ಕೊನೆಯಲ್ಲಿ ಮಾಸ್ಟರ್ ಪ್ಲಾನಿಗೆ ಒಪ್ಪಿಗೆ ಸಿಕ್ಕಿತು. ಒಪ್ಪಿಗೆ, ಬಿಡ್, ಆದೇಶ, ಸಮೀಕ್ಷೆ, ನಕ್ಷೆ, ಇವು ಬೇರೆ ಬೇರೆ ಮೆಟ್ಟಿಲುಗಳು. ಆದರೆ ಪ್ರತಿ ಮೆಟ್ಟಿಲಿನಲ್ಲೂ ‘ಧಾರಾವಿ ಕನಸು ನನಸು’, ‘ಕೊನೆಗೂ ಸಿಕ್ಕಿತು ಸೂರು’ ಎಂಬ ಧಾಟಿಯ ಶೀರ್ಷಿಕೆಗಳು ಬಂದವು. ಇಪ್ಪತ್ತು ವರ್ಷ ಹೀಗೆ ಓದಿದ ಜನ ಈಗ ನಿಜವಾದ ಸುದ್ದಿ ಬಂದರೂ ‘ಇದೂ ಹಾಗೇ’ ಎನ್ನುತ್ತಾರೆ. ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನ ಯಾವುದು ಎಂಬ ಸುದ್ದಿಯನ್ನೂ ಅದೇ ಉದಾಸೀನದಿಂದ ಪಕ್ಕಕ್ಕೆ ಸರಿಸುತ್ತಾರೆ. ಆಗ ಆಗುವ ನಷ್ಟ ತುಂಬಿ ಬರುವಂಥದಲ್ಲ.

ಸಮೀಕ್ಷೆಯ ಉದಾಹರಣೆಯನ್ನೇ ನೋಡಿ. ಸಮೀಕ್ಷೆಯವರು ಬಂದು ಮನೆಗೊಂದು ಸಂಖ್ಯೆ ಕೊಡುತ್ತಾರೆ, ದಾಖಲೆ ತೆಗೆದುಕೊಳ್ಳುತ್ತಾರೆ. ಅಷ್ಟರಿಂದ ಆ ಮನೆಯವರು ಅರ್ಹರೆಂದು ಆಗುವುದಿಲ್ಲ. ಇಲ್ಲಿಯವರ ಬಾಯಲ್ಲಿ ಓಡಾಡುವ ‘ಪಾತ್ರ–ಅಪಾತ್ರ’ ಪಟ್ಟಿ ಆಮೇಲೆ ಬರುತ್ತದೆ, ಅದಕ್ಕೆ ಆಕ್ಷೇಪಣೆಗೂ ಅವಕಾಶವಿರುತ್ತದೆ. ಹಾಗಿರುವಾಗ ‘ಸಂಖ್ಯೆ ಸಿಕ್ಕವರಿಗೆ ಮನೆ ಖಚಿತ’ ಎಂಬರ್ಥ ಬರುವ ಶೀರ್ಷಿಕೆ ಕೊಟ್ಟರೆ ಜನ ದಾಖಲೆ ಹೊಂದಿಸುವುದನ್ನೇ ನಿಲ್ಲಿಸುತ್ತಾರೆ. ‘ಮನೆಗಳಿಗೆ ಸಂಖ್ಯೆ, ಅರ್ಹತೆಯ ನಿರ್ಧಾರ ಇನ್ನೂ ಬಾಕಿ’ ಎಂದರೆ ಓದಿದವನಿಗೆ ಮುಂದಿನ ಕೆಲಸ ಏನೆಂದು ತಿಳಿಯುತ್ತದೆ. ಹಂತವನ್ನು ಹೇಳುವ ಪದಗಳು ನೀರಸ ಎಂದು ಡೆಸ್ಕಿನಲ್ಲಿ ನಾವು ಭಾವಿಸುತ್ತೇವೆ. ಮನೆ ಕಾಯುತ್ತಿರುವವನಿಗೆ ಅದಕ್ಕಿಂತ ರೋಚಕವಾದ ಪದವೇ ಇಲ್ಲ.

ಹಂತದಷ್ಟೇ ಮುಖ್ಯವಾದದ್ದು ಮಾತು ಯಾರದು ಎಂಬುದು. ಮನೆಯ ಅಳತೆ 500 ಚದರ ಅಡಿ ಇರಬೇಕೆಂದು ಧಾರಾವಿ ಬಚಾವ್ ಆಂದೋಲನದವರೂ ಉದ್ಧವ್ ಠಾಕ್ರೆಯವರೂ ಒತ್ತಾಯಿಸುತ್ತ ಬಂದಿದ್ದಾರೆ. ಅದು ಬೇಡಿಕೆ. ‘ಧಾರಾವಿ ನಿವಾಸಿಗಳಿಗೆ 500 ಚದರ ಅಡಿ ಮನೆ?’ ಎಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದರೆ ಕಾನೂನಿನಿಂದ ತಪ್ಪಿಸಿಕೊಂಡಂತೆ ಆಗಬಹುದು, ಓದುಗನಿಗೆ ಮಾತ್ರ ಮೋಸವಾಯಿತು. ನಮ್ಮ ಗಲ್ಲಿಯಲ್ಲಿ ಆ ಚಿಹ್ನೆಯನ್ನು ಯಾರೂ ಓದುವುದಿಲ್ಲ, ಸಂಖ್ಯೆಯನ್ನು ಓದುತ್ತಾರೆ. ‘500 ಚದರ ಅಡಿ ಮನೆ ಕೊಡಿ: ಉದ್ಧವ್ ಒತ್ತಾಯ’ ಎಂದು ಬರೆಯಲು ಜಾಗವೂ ಹೆಚ್ಚು ಬೇಕಿಲ್ಲ, ಧೈರ್ಯವೂ ಬೇಕಿಲ್ಲ. ಶೀರ್ಷಿಕೆ ತನ್ನ ಕೆಳಗೆ ಅಚ್ಚಾದ ವಿಷಯವನ್ನು ಪ್ರತಿಬಿಂಬಿಸಬೇಕು, ಅದಕ್ಕೆ ಸಮರ್ಥನೆ ಅಲ್ಲೇ ಇರಬೇಕು. ಆರೋಪವನ್ನು ಶೀರ್ಷಿಕೆಯಲ್ಲಿ ತಂದರೆ ಯಾರ ಹೇಳಿಕೆ ಎಂದು ತಿಳಿಸಬೇಕು, ಇಲ್ಲವೇ ಉದ್ಧರಣ ಚಿಹ್ನೆಯಾದರೂ ಹಾಕಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿಯ ನಡಾವಳಿ ನಿಯಮಗಳು ಹೇಳುತ್ತವೆ. ಆರೋಪಕ್ಕೆ ಹೇಳಿದ ಈ ಮಾತನ್ನು ಭರವಸೆಗೂ ಬೇಡಿಕೆಗೂ ಅನ್ವಯಿಸಿಕೊಳ್ಳಿ ಎಂದು ನನ್ನ ವಿನಂತಿ.

ಜಾಗದ ತೊಂದರೆ ನನಗೆ ಗೊತ್ತು. ಕನ್ನಡದ ಪದಗಳು ಉದ್ದ. ಒಂದು ಕಾಲಂ ಸುದ್ದಿಗೆ ಮೂರು ನಾಲ್ಕು ಪದ ಹಿಡಿದರೆ ಹೆಚ್ಚು. ಹಿಂದೆ ಷರತ್ತನ್ನು ಉಪಶೀರ್ಷಿಕೆಗೆ ಇಳಿಸಿ ಪಾರಾಗುತ್ತಿದ್ದೆವು, ಅಚ್ಚಿನಲ್ಲಿ ಎರಡೂ ಒಟ್ಟಿಗೆ ಕಾಣುತ್ತಿದ್ದವು. ಈಗ ನಿಮ್ಮ ಶೀರ್ಷಿಕೆ ಫೋನಿನ ಪರದೆಯಲ್ಲಿ ಒಂಟಿಯಾಗಿ ಪಯಣಿಸುತ್ತದೆ. ಉಪಶೀರ್ಷಿಕೆ ಹಿಂದೆ ಉಳಿಯುತ್ತದೆ, ಶೀರ್ಷಿಕೆಯ ಬಾಲವೂ ಎಷ್ಟೋ ಸಲ ತುಂಡಾಗುತ್ತದೆ. ಆದ್ದರಿಂದ ಷರತ್ತು ಮೊದಲ ನಾಲ್ಕೈದು ಪದಗಳ ಒಳಗೇ ಇರಬೇಕು. ಜಾಗ ಸಾಲದಿದ್ದರೆ ವಿಷಯವನ್ನು ಕಿರಿದು ಮಾಡಿ, ಷರತ್ತನ್ನು ಬಿಡಬೇಡಿ. ಇಡೀ ಯೋಜನೆಯನ್ನು ಒಂದು ಶೀರ್ಷಿಕೆಯಲ್ಲಿ ತುಂಬುವುದಕ್ಕಿಂತ ‘ಧಾರಾವಿ: ಮಾಳಿಗೆಯವರಿಗೆ ಹೊರಗೆ ಬಾಡಿಗೆ ಮನೆ’ ಎಂಬ ಒಂದೇ ಭಾಗವನ್ನು ಸರಿಯಾಗಿ ಹೇಳುವುದು ಮೇಲು. ಜಾಗ ಬೇಕೆಂದರೆ ತೆಗೆಯಬೇಕಾದ ಪದಗಳು ಬೇರೆಯೇ ಇವೆ: ‘ಬಿಗ್ ಶಾಕ್’, ‘ಗುಡ್ ನ್ಯೂಸ್’, ‘ಏನಿದು?’, ‘ನೀವೂ ನೋಡಿ’. ‘ಏಷ್ಯಾದ ಅತಿ ದೊಡ್ಡ ಕೊಳೆಗೇರಿ’ ಎಂಬ ಹಳೆಯ ಬಿರುದೂ ಅಷ್ಟೇ. ನಾಲ್ಕು ಪದಗಳ ಆ ಜಾಗದಲ್ಲಿ ‘2000ಕ್ಕೆ ಮೊದಲಿನ ನೆಲಮಹಡಿಯವರಿಗೆ’ ಎಂಬುದು ಸಲೀಸಾಗಿ ಹಿಡಿಯುತ್ತದೆ.

ನಿಖರತೆಗೂ ಒಂದು ಮಿತಿ ಇದೆ ಎಂಬುದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಸಂಖ್ಯೆ ಇದ್ದ ಮಾತ್ರಕ್ಕೆ ಶೀರ್ಷಿಕೆ ಪ್ರಾಮಾಣಿಕವಾಗುವುದಿಲ್ಲ. ‘350 ಚದರ ಅಡಿ ಉಚಿತ’ ಎಂಬುದರಲ್ಲೂ ಸಂಖ್ಯೆ ಇದೆ, ಅದು ಸರಿಯಾದ ಸಂಖ್ಯೆಯೇ. ತಪ್ಪಿರುವುದು ಅದು ಯಾರಿಗೆ ಎಂಬುದರಲ್ಲಿ. ಗಟ್ಟಿಯಾದ ಸಂಖ್ಯೆ ಸಡಿಲವಾದ ಭರವಸೆಗೆ ಇನ್ನಷ್ಟು ನಂಬಿಕೆ ತಂದುಕೊಡುತ್ತದೆ, ಅದೇ ಅಪಾಯ. ವರದಿಯಲ್ಲಿ ಖಚಿತವಾಗಿಲ್ಲದ್ದನ್ನು ಶೀರ್ಷಿಕೆಯಲ್ಲಿ ಖಚಿತ ಮಾಡುವ ಅಧಿಕಾರ ನಮಗಿಲ್ಲ. ವರದಿಗಾರ ‘ಸಾಧ್ಯತೆ ಇದೆ’ ಎಂದು ಬರೆದಿದ್ದರೆ ಅವನಿಗೆ ಫೋನ್ ಮಾಡಿ ಕೇಳಿ. ಅವನಿಗೂ ತಿಳಿಯದಿದ್ದರೆ ‘ಸಾಧ್ಯತೆ’ಯೇ ಶೀರ್ಷಿಕೆಯಲ್ಲಿರಲಿ.

ನನ್ನ ಬೇಡಿಕೆಗಳನ್ನು ಒಟ್ಟಿಗೆ ಹೇಳಿ ಮುಗಿಸುತ್ತೇನೆ.

ಒಂದು: ಜನರ ಮನೆ, ಜಮೀನು, ಪಿಂಚಣಿ, ಪಡಿತರ, ಪರೀಕ್ಷೆಗೆ ಸಂಬಂಧಿಸಿದ ಸುದ್ದಿಗೆ ಯಾರಿಗೆ ಅನ್ವಯ ಎಂಬುದಿಲ್ಲದೆ ಶೀರ್ಷಿಕೆ ಕೊಡಬೇಡಿ.

ಎರಡು: ಬೇಡಿಕೆ, ಪ್ರಸ್ತಾವ, ಆದೇಶ, ಜಾರಿ, ಇವುಗಳಲ್ಲಿ ಸುದ್ದಿ ಯಾವ ಮೆಟ್ಟಿಲಿನಲ್ಲಿದೆಯೋ ಅದನ್ನು ಶೀರ್ಷಿಕೆಯಲ್ಲೇ ಹೇಳಿ.

ಮೂರು: ವರದಿಯಲ್ಲಿ ಉತ್ತರವಿಲ್ಲದ ಪ್ರಶ್ನೆಯನ್ನು ಶೀರ್ಷಿಕೆಯಲ್ಲಿ ಕೇಳಬೇಡಿ.

ನಾಲ್ಕು: ಪುಟ ಕಳಿಸುವ ಮುನ್ನ ಶೀರ್ಷಿಕೆಯನ್ನು ಮಾತ್ರ, ವರದಿ ತೋರಿಸದೆ, ಪಕ್ಕದ ಮೇಜಿನವರಿಗೆ ಓದಿ ಹೇಳಿ. ‘ಇದರಿಂದ ಯಾರಿಗೆ ಏನು ಸಿಗುತ್ತದೆ ಎಂದು ತಿಳಿಯಿತು?’ ಎಂದು ಕೇಳಿ. ಅವರ ಉತ್ತರ ವರದಿಗೆ ಹೊಂದದಿದ್ದರೆ ಬದಲಾಯಿಸಿ. ಅರ್ಧ ನಿಮಿಷದ ಕೆಲಸ, ಡೆಡ್‌ಲೈನಿಗೆ ಅಡ್ಡಿಯಿಲ್ಲ.

ಸಂಪಾದಕರಲ್ಲಿ ಒಂದು ಮಾತು. ಎಷ್ಟು ಜನ ಒತ್ತಿದರು ಎಂಬ ಲೆಕ್ಕದಿಂದಲೇ ಡೆಸ್ಕಿನ ಹುಡುಗ ಹುಡುಗಿಯರನ್ನು ಅಳೆಯಬೇಡಿ. ಒತ್ತಿದವರಲ್ಲಿ ಎಷ್ಟು ಜನ ಕೊನೆಯವರೆಗೆ ಓದಿದರು, ಎಷ್ಟು ಜನ ಮರುದಿನವೂ ಬಂದರು ಎಂಬುದನ್ನೂ ನೋಡಿ. ಶೀರ್ಷಿಕೆ ಕೊಟ್ಟ ಮಾತನ್ನು ವರದಿ ಉಳಿಸಿಕೊಂಡಿತೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಧಾರಾವಿಯ ಅರ್ಹತಾ ಪಟ್ಟಿಗಳ ಸುದ್ದಿ ಮುಂದೆಯೂ ಬರುತ್ತಲೇ ಇರುತ್ತದೆ. ಮುಂದಿನ ಪಟ್ಟಿ ನಿಮ್ಮ ಮೇಜಿಗೆ ಬಂದ ದಿನ ದಯವಿಟ್ಟು ಮೊದಲು ದಿನಾಂಕ ಬರೆಯಿರಿ, ಆಮೇಲೆ ಮಹಡಿ ಬರೆಯಿರಿ, ಆಮೇಲೆ ಚದರ ಅಡಿ ಬರೆಯಿರಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಉಪಸಂಪಾದಕ
ಮಾಟುಂಗಾ ಲೇಬರ್ ಕ್ಯಾಂಪ್, ಧಾರಾವಿ, ಮುಂಬೈ